ಕಾರಣವನ್ನೂ ಪ್ರಶ್ನೆಯಲ್ಲೇ ಕೊಟ್ಟರೆ ನಾವು ಮಾಡುವ ಲೆಕ್ಕ ಯಾವುದು?

ನಮ್ಮ ಅಕೌಂಟೆನ್ಸಿ ಪುಸ್ತಕದ ಬ್ಯಾಂಕ್ ಹೊಂದಾಣಿಕೆ ತಖ್ತೆಯ ಯಾವುದೇ ಲೆಕ್ಕ ತೆಗೆದು ನೋಡಿ. ನಾವೆಲ್ಲ ಬಿಆರ್‌ಎಸ್ ಎಂದು ಕರೆಯುವ ಅದೇ ಪಾಠ. "ಕ್ಯಾಶ್ ಬುಕ್ ಪ್ರಕಾರ ಶಿಲ್ಕು ಇಷ್ಟು. ಕೊಟ್ಟ ಚೆಕ್ಕು ಇನ್ನೂ ಹಾಜರಾಗಿಲ್ಲ, ಇಷ್ಟು. ಬ್ಯಾಂಕ್ ಶುಲ್ಕ ಕ್ಯಾಶ್ ಬುಕ್ಕಿನಲ್ಲಿ ಬರೆದಿಲ್ಲ, ಇಷ್ಟು." ಹೀಗೆ ಐದಾರು ಸಾಲು ಇರುತ್ತದೆ. ನಾವು ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು ಎಂದು ನೆನಪಿಸಿಕೊಂಡು ತಖ್ತೆ ಬರೆಯುತ್ತೇವೆ. ಉತ್ತರ ಹೊಂದಿದರೆ ಪೂರ್ಣ ಅಂಕ.

ನನ್ನ ಅಭಿಪ್ರಾಯ ಏನೆಂದರೆ, ಈ ಪ್ರಶ್ನೆಯಲ್ಲಿ ಬಿಆರ್‌ಎಸ್‌ನ ಕಷ್ಟದ ಭಾಗ ಮೊದಲೇ ಮುಗಿದಿರುತ್ತದೆ. ವ್ಯತ್ಯಾಸಗಳನ್ನು ಯಾರೋ ಹುಡುಕಿ, ಪ್ರತಿಯೊಂದಕ್ಕೂ ಕಾರಣ ಬರೆದು ನಮ್ಮ ಕೈಗೆ ಕೊಟ್ಟಿರುತ್ತಾರೆ. ಉಳಿದದ್ದು ಕೂಡಿಸಿ ಕಳೆಯುವುದು ಮಾತ್ರ. ನಿಜವಾದ ಅಂಗಡಿಯಲ್ಲಿ ಆ ಪಟ್ಟಿ ಇರುವುದಿಲ್ಲ. ಅಲ್ಲಿರುವುದು ಎರಡು ಪುಸ್ತಕಗಳು, ಇತ್ತೀಚೆಗೆ ಬಹಳ ಸಲ ಆ ಪುಸ್ತಕಗಳ ಮೊಬೈಲ್ ಫೋಟೋಗಳು ಮಾತ್ರ. ಆದ್ದರಿಂದ ನಮ್ಮ ಪ್ರಾಜೆಕ್ಟಿನಲ್ಲಿ ಒಂದಾದರೂ ಬಿಆರ್‌ಎಸ್ ಫೋಟೋ ಪುಟಗಳಿಂದ ಮಾಡಿದ್ದಾಗಿರಬೇಕು, ಮತ್ತು ಅಂಕ ತಖ್ತೆಗಿಂತ ಹೆಚ್ಚಾಗಿ ವ್ಯತ್ಯಾಸಗಳ ಪಟ್ಟಿಗೆ ಸಿಗಬೇಕು ಎನ್ನುತ್ತೇನೆ. ಯಾಕೆ ಎಂಬುದಕ್ಕೆ ಒಂದು ಲೆಕ್ಕವನ್ನೇ ಪೂರ್ತಿ ಹೇಳುತ್ತೇನೆ.

ನನ್ನ ಮಾಮು ಅವರಿಗೆ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಅವರ ಚಾಲ್ತಿ ಖಾತೆ ಪಾಸ್‌ಬುಕ್ ಕೊಡುವ ಒಂದು ಸಹಕಾರಿ ಬ್ಯಾಂಕಿನಲ್ಲಿದೆ. 2024ರ ಆಗಸ್ಟ್ ತಿಂಗಳ ಕ್ಯಾಶ್ ಬುಕ್ಕಿನ ಎರಡು ಪುಟ, ಪಾಸ್‌ಬುಕ್ಕಿನ ಎರಡು ಪುಟಗಳ ಫೋಟೋ ಅವರು ಕಳಿಸಿದರು. ಖಾತೆ ಸಂಖ್ಯೆ ಮತ್ತು ಗಿರಾಕಿಗಳ ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ತೆಗೆದ ಫೋಟೋಗಳು. ಆಗಸ್ಟ್ 31ಕ್ಕೆ ಕ್ಯಾಶ್ ಬುಕ್ಕಿನ ಬ್ಯಾಂಕ್ ಅಂಕಣದ ಶಿಲ್ಕು ರೂ. 48,640. ಪಾಸ್‌ಬುಕ್ಕಿನಲ್ಲಿ ಅದೇ ದಿನದ ಶಿಲ್ಕು ರೂ. 45,026.30. ವ್ಯತ್ಯಾಸ ರೂ. 3,613.70.

ಇಲ್ಲಿ ಮೊದಲ ಆಸೆ ಈ 3,613.70 ಎಲ್ಲಿಂದ ಬಂತು ಎಂದು ಹುಡುಕುವುದು. ಆ ಆಸೆಯನ್ನು ಬಿಡಬೇಕು. ಅದು ಒಂದು ವ್ಯತ್ಯಾಸ ಅಲ್ಲ, ಅನೇಕ ವ್ಯತ್ಯಾಸಗಳು ಒಂದನ್ನೊಂದು ತಿಂದು ಉಳಿದ ಮೊತ್ತ. ಪುಟದಲ್ಲಿ 3,613.70 ಎಂಬ ಅಂಕಿಯೇ ಇಲ್ಲ.

ಹುಡುಕುವ ಮೊದಲು ಫೋಟೋ ಸರಿಯಾಗಿ ಓದಿದ್ದೇವೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಇದಕ್ಕೆ ಪಾಸ್‌ಬುಕ್ಕೇ ಸಹಾಯ ಮಾಡುತ್ತದೆ. ಅದರ ಪ್ರತಿ ಸಾಲಿನಲ್ಲೂ ಶಿಲ್ಕು ಇರುತ್ತದೆ, ಹಾಗಾಗಿ ಮೇಲಿನ ಶಿಲ್ಕಿಗೆ ಬಂದದ್ದನ್ನು ಕೂಡಿದರೆ ಅಥವಾ ಹೋದದ್ದನ್ನು ಕಳೆದರೆ ಕೆಳಗಿನ ಶಿಲ್ಕು ಬರಲೇಬೇಕು. ಆಗಸ್ಟ್ 30ರ ಎಸ್‌ಎಂಎಸ್ ಶುಲ್ಕದ ಸಾಲಿನಲ್ಲಿ ಪ್ರಿಂಟರಿನ ಶಾಯಿ ಮಸುಕಾಗಿತ್ತು. 11.70 ಎಂದೂ ಓದಬಹುದು, 17.70 ಎಂದೂ ಓದಬಹುದು. ಮೇಲಿನ ಶಿಲ್ಕು 41,044.00, ಕೆಳಗಿನದು 41,026.30. ಆದ್ದರಿಂದ ಅದು 17.70 ಮಾತ್ರ ಆಗಲು ಸಾಧ್ಯ: 15 ರೂಪಾಯಿ ಶುಲ್ಕ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಒಂದು ಫೋಟೋದ ಕೊನೆಯ ಶಿಲ್ಕಿಗೂ ಮುಂದಿನ ಫೋಟೋದ ಮೊದಲ ಸಾಲಿಗೂ ಇದೇ ರೀತಿ ಕೊಂಡಿ ಇರಬೇಕು. ಇಲ್ಲದಿದ್ದರೆ ನಡುವೆ ಒಂದು ಪುಟದ ಫೋಟೋ ಬಂದಿಲ್ಲ ಎಂದರ್ಥ.

ಕ್ಯಾಶ್ ಬುಕ್ಕಿನಲ್ಲಿ ಸಾಲುಸಾಲಿಗೆ ಶಿಲ್ಕು ಇರುವುದಿಲ್ಲ. ಅಲ್ಲಿ ಪುಟದ ಅಡಿಯ ಮೊತ್ತವನ್ನು ನಾವೇ ಕೂಡಿ ನೋಡಬೇಕು, ಮತ್ತು ಅದೇ ಮೊತ್ತ ಮುಂದಿನ ಪುಟದ ತಲೆಗೆ ಬಂದಿದೆಯೇ ನೋಡಬೇಕು. ಫೋಟೋದಲ್ಲಿ ಇನ್ನೊಂದು ತೊಂದರೆ ಇದೆ. ಪುಟದ ಬಲ ಅಂಚು ಕತ್ತರಿಸಿ ಹೋದರೆ ಕೊನೆಯ ಅಂಕಣ ಕಾಣುವುದಿಲ್ಲ, ಆಗ ನಗದು ಅಂಕಣವನ್ನೇ ಬ್ಯಾಂಕ್ ಅಂಕಣ ಎಂದು ಓದುವ ಸಂಭವ ಹೆಚ್ಚು. ಆದ್ದರಿಂದ ಅಂಕಣಗಳ ತಲೆಬರಹ ಕಾಣುವಂತೆ ಫೋಟೋ ಕೇಳಬೇಕು.

ಆಮೇಲೆ ಟಿಕ್ ಹಾಕುವ ಕೆಲಸ. ಇಲ್ಲಿ ಡೆಬಿಟ್, ಕ್ರೆಡಿಟ್ ಎಂದು ಯೋಚಿಸಿದರೆ ತಲೆ ತಿರುಗುತ್ತದೆ, ಯಾಕೆಂದರೆ ನಮ್ಮ ಪುಸ್ತಕದ ಡೆಬಿಟ್ ಬ್ಯಾಂಕಿನ ಪುಸ್ತಕದಲ್ಲಿ ಕ್ರೆಡಿಟ್ ಆಗಿರುತ್ತದೆ. ನಮ್ಮ ಮನೆಯ ಉರ್ದುವಿನಲ್ಲೂ ಅಂಗಡಿಯ ಕನ್ನಡದಲ್ಲೂ ಜಮಾ, ಖರ್ಚು ಎಂಬ ಮಾತುಗಳು ಒಂದೇ. ಮಾಮು ಅವರಿಗೆ ಜಮಾ ಎಂದರೆ ಖಾತೆಗೆ ದುಡ್ಡು ಬಂತು ಎಂದು, ಬ್ಯಾಂಕಿಗೂ ಹಾಗೆಯೇ. ಹಾಗಾಗಿ ಟಿಕ್ ಹಾಕುವಾಗ ಬಂದದ್ದಕ್ಕೆ ಬಂದದ್ದು, ಹೋದದ್ದಕ್ಕೆ ಹೋದದ್ದು ಎಂದು ಹೊಂದಿಸಿದರೆ ಸಾಕು. ಮೊತ್ತ ಒಂದೇ ಆಗಿದ್ದರೆ ಸಾಲದು, ಚೆಕ್ಕಾದರೆ ಅದರ ಸಂಖ್ಯೆಯೂ ಒಂದೇ ಆಗಿರಬೇಕು.

ಶುರುವಿನಲ್ಲೇ ಒಂದು ಸಾಲು ಉಳಿಯಿತು. ಆಗಸ್ಟ್ 3ರಂದು ಬ್ಯಾಂಕು ರೂ. 2,900ರ ಚೆಕ್ಕಿಗೆ ಹಣ ಕೊಟ್ಟಿದೆ, ಆದರೆ ಆಗಸ್ಟಿನ ಕ್ಯಾಶ್ ಬುಕ್ಕಿನಲ್ಲಿ ಆ ಚೆಕ್ಕೇ ಇಲ್ಲ. ಇದು ತಪ್ಪಲ್ಲ. ಆಗಸ್ಟ್ 1ರ ಆರಂಭದ ಶಿಲ್ಕು ನೋಡಿದರೆ ಕ್ಯಾಶ್ ಬುಕ್ಕಿನಲ್ಲಿ 31,260, ಪಾಸ್‌ಬುಕ್ಕಿನಲ್ಲಿ 34,160. ನಡುವಿನ ವ್ಯತ್ಯಾಸ ಸರಿಯಾಗಿ 2,900. ಅಂದರೆ ಜುಲೈ 26ರಂದು ಬರೆದುಕೊಟ್ಟ ಚೆಕ್ಕು ಆಗಸ್ಟಿನಲ್ಲಿ ಹಾಜರಾಗಿದೆ, ಹಳೆಯ ವ್ಯತ್ಯಾಸ ತಾನಾಗಿ ಮುಗಿದಿದೆ. ಪುಸ್ತಕದ ಲೆಕ್ಕದಲ್ಲಿ ಆರಂಭದ ಶಿಲ್ಕಿನ ಮಾತೇ ಬರುವುದಿಲ್ಲ. ನಿಜದ ಲೆಕ್ಕದಲ್ಲಿ ಅದನ್ನು ಮೊದಲು ಬಗೆಹರಿಸದಿದ್ದರೆ ಕೊನೆಯ ತನಕ ತೊಂದರೆ ಕೊಡುತ್ತದೆ.

ಎಲ್ಲ ಟಿಕ್ ಆದ ಮೇಲೆ ಒಂಬತ್ತು ವ್ಯತ್ಯಾಸಗಳು ಉಳಿದವು. ಪ್ರತಿಯೊಂದಕ್ಕೂ ಕಾರಣ ಬರೆದ ಪಟ್ಟಿ ಹೀಗಿದೆ:

1. ಆಗಸ್ಟ್ 29ರಂದು ಪೇಂಟ್ ವಿತರಕರಿಗೆ ಕೊಟ್ಟ ಚೆಕ್ಕು, ರೂ. 12,500. ಕ್ಯಾಶ್ ಬುಕ್ಕಿನಲ್ಲಿ ಇದೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ಕಾರಣ: ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ.
2. ಆಗಸ್ಟ್ 31ರಂದು ಬ್ಯಾಂಕಿಗೆ ಹಾಕಿದ ಗಿರಾಕಿಯ ಚೆಕ್ಕು, ರೂ. 8,200. ಕ್ಯಾಶ್ ಬುಕ್ಕಿನಲ್ಲಿ ಮಾತ್ರ ಇದೆ. ಕಾರಣ: ಶನಿವಾರ ಹಾಕಿದ್ದು, ವಸೂಲಿ ಆಗಿಲ್ಲ.
3. ಆಗಸ್ಟ್ 31ರ ಯುಪಿಐ ವ್ಯಾಪಾರ, ರೂ. 2,350. ಕ್ಯಾಶ್ ಬುಕ್ಕಿನಲ್ಲಿ ಮಾತ್ರ ಇದೆ. ಕಾರಣ: ಅಂಗಡಿಯ ಕ್ಯೂಆರ್ ಹಣ ಮರುದಿನ ಖಾತೆಗೆ ಬರುತ್ತದೆ.
4. ಆಗಸ್ಟ್ 22ರಂದು ಒಬ್ಬ ಗಿರಾಕಿ ನೇರವಾಗಿ ಖಾತೆಗೆ ಹಾಕಿದ ನೆಫ್ಟ್, ರೂ. 4,500. ಪಾಸ್‌ಬುಕ್ಕಿನಲ್ಲಿ ಮಾತ್ರ ಇದೆ. ಕಾರಣ: ಅಂಗಡಿಗೆ ತಿಳಿಸಿಲ್ಲ.
5. ಆಗಸ್ಟ್ 5ರಂದು ಖಾತೆಯಿಂದ ತಾನಾಗಿ ಕಡಿತವಾದ ವಿಮೆ ಕಂತು, ರೂ. 4,500. ಪಾಸ್‌ಬುಕ್ಕಿನಲ್ಲಿ ಮಾತ್ರ ಇದೆ. ಕಾರಣ: ಕ್ಯಾಶ್ ಬುಕ್ಕಿನಲ್ಲಿ ಬರೆದಿಲ್ಲ.
6. ಆಗಸ್ಟ್ 12ರಂದು ಹಾಕಿದ ಚೆಕ್ಕು ಆಗಸ್ಟ್ 14ರಂದು ವಾಪಸ್, ರೂ. 5,400. ವಾಪಸಾದ ಸಾಲು ಪಾಸ್‌ಬುಕ್ಕಿನಲ್ಲಿ ಮಾತ್ರ ಇದೆ. ಕಾರಣ: ಚೆಕ್ಕಿಗೆ ಹಣ ಸಿಗಲಿಲ್ಲ.
7. ಅದೇ ಚೆಕ್ಕಿನ ವಾಪಸಾತಿ ಶುಲ್ಕ, ರೂ. 236. ಪಾಸ್‌ಬುಕ್ಕಿನಲ್ಲಿ ಮಾತ್ರ ಇದೆ. ಕಾರಣ: 200 ರೂಪಾಯಿ ಶುಲ್ಕ, 36 ರೂಪಾಯಿ ಜಿಎಸ್‌ಟಿ.
8. ಆಗಸ್ಟ್ 30ರ ಎಸ್‌ಎಂಎಸ್ ಶುಲ್ಕ, ರೂ. 17.70. ಪಾಸ್‌ಬುಕ್ಕಿನಲ್ಲಿ ಮಾತ್ರ ಇದೆ.
9. ಪೈಪ್ ಸರಬರಾಜುದಾರರಿಗೆ ಕೊಟ್ಟ ಚೆಕ್ಕು ಪಾಸ್‌ಬುಕ್ಕಿನಲ್ಲಿ ರೂ. 3,780, ಕ್ಯಾಶ್ ಬುಕ್ಕಿನಲ್ಲಿ ರೂ. 3,870. ವ್ಯತ್ಯಾಸ ರೂ. 90. ಕಾರಣ: ಅಂಕಿ ಅದಲುಬದಲು.

ಈ ಪಟ್ಟಿಯ ಮೂರು ಜಾಗಗಳಲ್ಲಿ ಸ್ವಲ್ಪ ನಿಲ್ಲೋಣ.

ಮೊದಲನೆಯದು 4 ಮತ್ತು 5. ಬಂದದ್ದು 4,500, ಹೋದದ್ದೂ 4,500. ಎರಡೂ ಕ್ಯಾಶ್ ಬುಕ್ಕಿನಲ್ಲಿ ಇಲ್ಲ. ಇವೆರಡನ್ನೂ ಪೂರ್ತಿ ಮರೆತರೂ ತಖ್ತೆ ಸರಿಯಾಗಿ ಹೊಂದುತ್ತದೆ! ಒಟ್ಟು ವ್ಯತ್ಯಾಸದ ಹಿಂದೆ ಹೋದವರಿಗೆ ಇವು ಎಂದೂ ಕಾಣುವುದಿಲ್ಲ. ಸಾಲುಸಾಲಿಗೆ ಟಿಕ್ ಹಾಕಿದವರಿಗೆ ಮಾತ್ರ ಕಾಣುತ್ತವೆ. ಕಾಣದಿದ್ದರೆ ಏನಾಗುತ್ತದೆ? ಹಣ ಕೊಟ್ಟ ಗಿರಾಕಿಯ ಹೆಸರಿನಲ್ಲಿ ಬಾಕಿ ಹಾಗೆಯೇ ಉಳಿಯುತ್ತದೆ, ಅಂಗಡಿಯವರು ಅವರನ್ನೇ ಮತ್ತೆ ಕೇಳುತ್ತಾರೆ. ಇತ್ತ ವಿಮೆಯ ಖರ್ಚು ವರ್ಷದ ಲೆಕ್ಕದಲ್ಲಿ ಬರುವುದೇ ಇಲ್ಲ. ಶಿಲ್ಕು ಹೊಂದಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ ಎಂಬುದಕ್ಕೆ ಇದಕ್ಕಿಂತ ಸುಲಭ ಉದಾಹರಣೆ ಬೇಡ.

ಎರಡನೆಯದು 6. ಕ್ಯಾಶ್ ಬುಕ್ಕಿನಲ್ಲಿ ಆಗಸ್ಟ್ 12ಕ್ಕೆ 5,400 ಬಂತು ಎಂದಿದೆ. ಪಾಸ್‌ಬುಕ್ಕಿನಲ್ಲಿ ಆಗಸ್ಟ್ 13ಕ್ಕೆ 5,400 ಬಂತು ಎಂದಿದೆ. ಎರಡಕ್ಕೂ ಟಿಕ್ ಬೀಳುತ್ತದೆ, ಮನಸ್ಸಿಗೆ ಸಮಾಧಾನ. ಆದರೆ ಮರುದಿನ ಅದೇ 5,400 ಹೋದದ್ದರ ಕಡೆ ಕಾಣುತ್ತದೆ, ಅದಕ್ಕೆ ಜೊತೆ ಇಲ್ಲ. ಒಂದೇ ಮೊತ್ತ ಬಂದು ಒಂದೆರಡು ದಿನದಲ್ಲಿ ಹೋಗಿ, ಪಕ್ಕದಲ್ಲೇ ಜಿಎಸ್‌ಟಿ ಸೇರಿದ ಸಣ್ಣ ಶುಲ್ಕ ಕಂಡರೆ ಅದು ಬಹುತೇಕ ವಾಪಸಾದ ಚೆಕ್ಕು. ಯಾಕೆ ವಾಪಸಾಯಿತು ಎಂದು ಪಾಸ್‌ಬುಕ್ ಹೇಳುವುದಿಲ್ಲ. ಅದು ಬ್ಯಾಂಕು ಕೊಡುವ ರಿಟರ್ನ್ ಮೆಮೊದಲ್ಲಿ ಇರುತ್ತದೆ. ಕೇಳಿದಾಗ ಆ ಮೆಮೊ ಆಗಸ್ಟ್ 16ಕ್ಕೇ ಅಂಗಡಿಗೆ ಬಂದು ಡ್ರಾಯರಿನಲ್ಲಿತ್ತು. ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ ಎಂದು ಬರೆದಿತ್ತು. ಇಲ್ಲಿ ದಿನಗಳಿಗೆ ಬೆಲೆ ಇದೆ. ಹಣ ಸಾಲದೆ ವಾಪಸಾದ ಚೆಕ್ಕಿಗೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ರಕ್ಷಣೆ ಬೇಕಾದರೆ, ಬ್ಯಾಂಕಿನಿಂದ ಮಾಹಿತಿ ಸಿಕ್ಕ 30 ದಿನದೊಳಗೆ ಚೆಕ್ಕು ಕೊಟ್ಟವರಿಗೆ ಲಿಖಿತ ನೋಟಿಸ್ ಕಳಿಸಬೇಕು. ನಾವು ಪುಟ ನೋಡಿದ್ದು ಸೆಪ್ಟೆಂಬರ್ 5ಕ್ಕೆ. ಅಷ್ಟರಲ್ಲಿ 20 ದಿನ ಹೋಗಿತ್ತು. ಕೋರ್ಟಿನ ತನಕ ಹೋಗದೆ ಮಾತಿನಲ್ಲೇ ಮುಗಿಸುವವರಿಗೂ ಈ ದಿನಾಂಕ ಗೊತ್ತಿರುವುದು ಒಳ್ಳೆಯದು.

ಮೂರನೆಯದು 9. ವ್ಯತ್ಯಾಸ 90, ಅಂದರೆ 9ರಿಂದ ಭಾಗವಾಗುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದಾಗ ಹೀಗಾಗುತ್ತದೆ. ಆದರೆ 9ರಿಂದ ಭಾಗವಾಗುವ ಪ್ರತಿ ವ್ಯತ್ಯಾಸವೂ ಅದಲುಬದಲು ಅಲ್ಲ, ಇದು ಸುಳಿವು ಮಾತ್ರ. ಬ್ಯಾಂಕು ಸರಿ, ಅಂಗಡಿ ತಪ್ಪು ಎಂದು ಸುಮ್ಮನೆ ಹೇಳುವ ಹಾಗೂ ಇಲ್ಲ. ಚೆಕ್ ಪುಸ್ತಕದ ಅರ್ಧ ಚೀಟಿ ಮತ್ತು ಸರಬರಾಜುದಾರರ ಬಿಲ್ಲು ನೋಡಬೇಕು. ಎರಡರಲ್ಲೂ 3,780 ಇತ್ತು. ಆಗ ಮಾತ್ರ ಕ್ಯಾಶ್ ಬುಕ್ಕಿನ ತಪ್ಪು ಎಂದು ಬರೆಯಬಹುದು.

ಈಗ ತಖ್ತೆ ಬರೆಯುವುದು ಐದು ನಿಮಿಷದ ಕೆಲಸ:

ಕ್ಯಾಶ್ ಬುಕ್ ಪ್ರಕಾರ ಶಿಲ್ಕು: 48,640.00
ಕೂಡಿ: ಹಾಜರಾಗದ ಚೆಕ್ಕು 12,500, ನೆಫ್ಟ್ 4,500, ಹೆಚ್ಚಾಗಿ ಬರೆದದ್ದು 90. ಒಟ್ಟು 17,090.00
ಬಂದದ್ದು: 65,730.00
ಕಳೆಯಿರಿ: ವಸೂಲಾಗದ ಚೆಕ್ಕು 8,200, ಯುಪಿಐ 2,350, ವಿಮೆ 4,500, ವಾಪಸಾದ ಚೆಕ್ಕು 5,400, ಅದರ ಶುಲ್ಕ 236, ಎಸ್‌ಎಂಎಸ್ 17.70. ಒಟ್ಟು 20,703.70
ಪಾಸ್‌ಬುಕ್ ಪ್ರಕಾರ ಶಿಲ್ಕು: 45,026.30

ಹೊಂದಿತು. ಆದರೆ ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಪಟ್ಟಿಯಲ್ಲಿ ಕಾರಣ ಬರೆದದ್ದರ ನಿಜವಾದ ಲಾಭ ಈಗ ಸಿಗುತ್ತದೆ. ಒಂಬತ್ತರಲ್ಲಿ ಮೊದಲ ಮೂರು ಬರೀ ಸಮಯದ ವ್ಯತ್ಯಾಸ. ಯಾರೂ ಏನೂ ಬರೆಯದಿದ್ದರೂ ಅವು ಮುಗಿಯಬೇಕು. ಮುಗಿದವೇ ಎಂದು ನೋಡಲು ಸೆಪ್ಟೆಂಬರಿನ ಮೊದಲ ಪುಟದ ಫೋಟೋ ಬೇಕಾಯಿತು. ಅದರಲ್ಲಿ 1ನೇ ತಾರೀಖಿಗೆ 2,350, 3ಕ್ಕೆ 8,200 ಬಂದಿತ್ತು, 4ಕ್ಕೆ 12,500 ಹೋಗಿತ್ತು. ಮುಂದಿನ ಪುಟ ನೋಡುವ ತನಕ "ವಸೂಲಿ ಆಗಿಲ್ಲ" ಎಂಬ ಕಾರಣ ಊಹೆ ಮಾತ್ರ, ನೋಡಿದ ಮೇಲೆ ಅದು ಖಚಿತ. ಚೆಕ್ಕಿನ ಅವಧಿ ಅದರ ತಾರೀಖಿನಿಂದ ಮೂರು ತಿಂಗಳು. ಅದನ್ನು ದಾಟಿಯೂ "ಹಾಜರಾಗಿಲ್ಲ" ಎಂಬ ಸಾಲು ತಿಂಗಳು ತಿಂಗಳು ಮುಂದುವರಿಯುತ್ತಿದ್ದರೆ ಅದು ಸಮಯದ ವ್ಯತ್ಯಾಸ ಅಲ್ಲ. ಚೆಕ್ಕು ಕಳೆದಿರಬಹುದು, ಅಥವಾ ಬರೆದು ಕೊಡದೇ ಇಟ್ಟಿರಬಹುದು.

ಉಳಿದ ಆರು ತಾವಾಗಿ ಮುಗಿಯುವುದಿಲ್ಲ. ಯಾರಾದರೂ ಕ್ಯಾಶ್ ಬುಕ್ಕಿನಲ್ಲಿ ಬರೆಯಲೇಬೇಕು. ಬರೆದರೆ ಕ್ಯಾಶ್ ಬುಕ್ಕಿನ ಶಿಲ್ಕು 48,640ರಿಂದ 43,076.30ಕ್ಕೆ ಇಳಿಯುತ್ತದೆ. "ಬ್ಯಾಂಕಿನಲ್ಲಿ ನಲವತ್ತೆಂಟು ಸಾವಿರ ಇದೆಯಲ್ಲ" ಎಂದು ಮಾಮು ಹೇಳುತ್ತಿದ್ದರು. ಬಾಕಿ ಚೆಕ್ಕುಗಳೆಲ್ಲ ಮುಗಿದ ಮೇಲೆ ನಿಜವಾಗಿ ಅವರದ್ದು ಎನ್ನಬಹುದಾದ ಹಣ 43,076.30. ಪಾಸ್‌ಬುಕ್ಕಿನ 45,026.30 ಕೂಡ ಅಲ್ಲ. ನಲವತ್ತೆಂಟು ಸಾವಿರ ನಂಬಿ 45,000ದ ಚೆಕ್ಕು ಬರೆದಿದ್ದರೆ ಅವರ ಚೆಕ್ಕೂ ವಾಪಸಾಗುವ ಸ್ಥಿತಿ ಬರುತ್ತಿತ್ತು.

ನಮ್ಮ ತರಗತಿಯಲ್ಲಿ ಇದನ್ನು ಹೇಳಿದರೆ ಎರಡು ಆಕ್ಷೇಪ ಬರುತ್ತವೆ. ಒಂದು, ಪರೀಕ್ಷೆಯಲ್ಲಿ ಹೀಗೆ ಕೇಳುವುದಿಲ್ಲ, ಸಮಯವೂ ಇಲ್ಲ ಎಂಬುದು. ಮೂರು ಗಂಟೆಯ ಪರೀಕ್ಷೆಯಲ್ಲಿ ನಾಲ್ಕು ಪುಟಕ್ಕೆ ಟಿಕ್ ಹಾಕಿಸಲು ಆಗುವುದಿಲ್ಲ, ನಿಜ. ಅದಕ್ಕೇ ನಾನು ಪರೀಕ್ಷೆಗಲ್ಲ, ಆಂತರಿಕ ಅಂಕದ ಪ್ರಾಜೆಕ್ಟಿಗೆ ಕೇಳುತ್ತಿದ್ದೇನೆ. ಈಗ ಆ ಪ್ರಾಜೆಕ್ಟಿನಲ್ಲಿ ಪುಸ್ತಕದ ಲೆಕ್ಕವನ್ನೇ ಬಣ್ಣದ ಪೆನ್ನಿನಲ್ಲಿ ಬರೆಯುತ್ತೇವೆ. ಇನ್ನೊಂದು ಆಕ್ಷೇಪ, ಬೇರೆಯವರ ಖಾತೆಯ ಫೋಟೋ ನಮ್ಮ ಮೊಬೈಲಿನಲ್ಲಿ ಇರುವುದು ಸರಿಯೇ ಎಂಬುದು. ಇದು ನ್ಯಾಯವಾದ ಪ್ರಶ್ನೆ. ಖಾತೆ ಸಂಖ್ಯೆ ಮತ್ತು ಹೆಸರು ಮುಚ್ಚಿ ಫೋಟೋ ತೆಗೆಯಬೇಕು, ಗ್ರೂಪಿಗೆ ಹಾಕಬಾರದು, ಕೆಲಸ ಮುಗಿದ ಮೇಲೆ ಅಳಿಸಬೇಕು. ಯಾರೂ ಕೊಡದಿದ್ದರೆ ಉಪನ್ಯಾಸಕರೇ ಎರಡು ಪುಟ ಕೈಯಲ್ಲಿ ಬರೆದು ಫೋಟೋ ಕೊಡಬಹುದು. ಅದರಲ್ಲಿ ಒಂದು ವಾಪಸಾದ ಚೆಕ್ಕು, ಒಂದನ್ನೊಂದು ಮುಚ್ಚುವ ಎರಡು ಮೊತ್ತ ಮತ್ತು ಹಿಂದಿನ ತಿಂಗಳ ಒಂದು ಚೆಕ್ಕು ಇದ್ದರೆ ಸಾಕು.

ಬಿಆರ್‌ಎಸ್‌ಗೂ ಮಿತಿ ಇದೆ. ನಗದಾಗಿ ಬಂದು ಯಾವ ಪುಸ್ತಕಕ್ಕೂ ಹೋಗದ ವ್ಯಾಪಾರ ಇದರಲ್ಲಿ ಸಿಗುವುದಿಲ್ಲ. ಒಬ್ಬ ಗಿರಾಕಿಯ ಹಣವನ್ನು ಇನ್ನೊಬ್ಬರ ಹೆಸರಿಗೆ ಬರೆದರೂ ಸಿಗುವುದಿಲ್ಲ, ಯಾಕೆಂದರೆ ಬ್ಯಾಂಕ್ ಅಂಕಣದ ಮೊತ್ತ ಎರಡೂ ಕಡೆ ಒಂದೇ.

ಪ್ರಾಜೆಕ್ಟಿಗೆ ನಾನು ಸೂಚಿಸುವ ಪಟ್ಟಿಯಲ್ಲಿ ಐದು ಅಂಕಣ ಇರಲಿ: ತಾರೀಖು, ಮೊತ್ತ, ಯಾವ ಪುಸ್ತಕದಲ್ಲಿ ಇಲ್ಲ, ಕಾರಣ, ಮತ್ತು ಆ ಕಾರಣಕ್ಕೆ ಆಧಾರ. ಆಧಾರ ಎಂದರೆ ಮೆಮೊ, ಬಿಲ್ಲು, ಚೆಕ್ಕಿನ ಅರ್ಧ ಚೀಟಿ ಅಥವಾ ಮುಂದಿನ ಪುಟ. ಕಾರಣ ಸಿಗದಿದ್ದರೆ "ತಿಳಿದಿಲ್ಲ" ಎಂದೇ ಬರೆಯಬೇಕು, ಉಳಿದ ಮೊತ್ತವನ್ನು ಬ್ಯಾಂಕ್ ಶುಲ್ಕ ಎಂದು ತುಂಬಿಸಬಾರದು. ಹಾಗೆ ತುಂಬಿಸಿ ಹೊಂದಿಸಿದ ತಖ್ತೆಗಿಂತ ಒಂದು ಸಾಲಿನಲ್ಲಿ "ತಿಳಿದಿಲ್ಲ" ಎಂದಿರುವ ತಖ್ತೆಗೆ ಹೆಚ್ಚು ಅಂಕ ಕೊಡಿ ಎಂದು ನಮ್ಮ ವಾಣಿಜ್ಯ ವಿಭಾಗದ ಉಪನ್ಯಾಸಕರಲ್ಲಿ ನನ್ನ ವಿನಂತಿ.